ಹಗ್ಗ, ಹಾವು ಮತ್ತು ‘ಭ್ರಮೆ’: ಮನೋವೈದ್ಯಕೀಯ ಪದಗಳನ್ನು ರೋಗಿಗೆ ಕನ್ನಡದಲ್ಲಿ ಹೇಳುವುದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಮಾತನ್ನು ತುಸು ಅಡಕಗೊಳಿಸಲಾಗಿದೆ.)



ಇವತ್ತು ಯಾವುದೇ ಕಾಯಿಲೆ ಬಗ್ಗೆ ಅಲ್ಲ, ಕಾಯಿಲೆಗಳ ಹೆಸರಿನ ಬಗ್ಗೆ ಮಾತಾಡೋಣ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಅಂತ ಡಾಕ್ಟರು ಹೇಳಿದ್ರೆ ನಾವು ಆ ಹೆಸರನ್ನ ಮನೆಗೆ ತಗೊಂಡು ಹೋಗ್ತೀವಿ, ಪಕ್ಕದ ಮನೆಯವರಿಗೂ ಹೇಳ್ತೀವಿ. ಆದ್ರೆ ಮನೋವೈದ್ಯರ ಹತ್ತಿರ ಹೋಗಿ ಬಂದವರ ಮನೇಲಿ ಏನಾಗುತ್ತೆ? ‘ಏನಂತೆ?’ ಅಂತ ಕೇಳಿದ್ರೆ ‘ಏನೂ ಇಲ್ಲ, ಸ್ವಲ್ಪ ಟೆನ್ಷನ್ ಅಂತೆ’, ‘ನರದ ವೀಕ್ನೆಸ್ ಅಂತೆ’ ಅನ್ನೋ ಉತ್ತರ ಬರುತ್ತೆ. ಹೆಸರು ಆಸ್ಪತ್ರೆಯ ಚೀಟಿಯಲ್ಲಿ ಇಂಗ್ಲಿಷಿನಲ್ಲೇ ಉಳಿದುಬಿಡುತ್ತೆ.

ಇದಕ್ಕೊಂದು ಪರಿಹಾರ ಅಂತ ಮನೋವೈದ್ಯರು, ಮನಃಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ನರ್ಸ್‌ಗಳು ಸೇರಿ ರೋಗಿಗಳಿಗಾಗಿ ದ್ವಿಭಾಷಾ ಪದಕೋಶ ಮಾಡೋದುಂಟು. ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ಕನ್ನಡ. ಕೇಳೋಕೆ ಸುಲಭದ ಕೆಲಸ. ಕೂತು ಮಾಡೋಕೆ ಹೊರಟ್ರೆ ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಳ್ತೀವಿ. ಯಾಕೆ ಅನ್ನೋದನ್ನ ಒಂದೇ ಒಂದು ಪದ ಹಿಡಿದು ನೋಡೋಣ. ಆ ಪದ ‘ಭ್ರಮೆ’.

ಒಂದು ಪದ, ಮೂರು ಅರ್ಥ

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಹಾವೇರಿ ಕಡೆಯ ಹಳ್ಳಿ. ಇಪ್ಪತ್ತೆರಡು ವರ್ಷದ ಹುಡುಗ. ಮೂರು ತಿಂಗಳಿಂದ ಅವನಿಗೆ ಇಬ್ಬರು ಗಂಡಸರು ತನ್ನ ಬಗ್ಗೆ ಮಾತಾಡೋದು ಕೇಳಿಸ್ತಿದೆ. ರೂಮಿನಲ್ಲಿ ಯಾರೂ ಇರೋದಿಲ್ಲ, ಆದರೂ ಸ್ಪಷ್ಟವಾಗಿ ಕೇಳಿಸುತ್ತೆ. ‘ಈಗ ಎದ್ದ, ಈಗ ನೀರು ಕುಡಿದ’ ಅಂತ ಅವನು ಮಾಡೋದನ್ನೆಲ್ಲ ಹೇಳ್ತಾ ಇರ್ತಾರೆ. ಇದರ ಜೊತೆಗೆ, ಪಕ್ಕದ ಹೊಲದವರು ತನ್ನ ಊಟಕ್ಕೆ ಏನೋ ಹಾಕಿಸ್ತಿದ್ದಾರೆ ಅನ್ನೋದು ಅವನಿಗೆ ಖಚಿತ. ಊಟ ಬಿಟ್ಟಿದ್ದಾನೆ, ನಿದ್ದೆ ಇಲ್ಲ. ತಾಯಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗ್ತಾರೆ.

ವೈದ್ಯರು ಫೈಲಿನಲ್ಲಿ ಎರಡು ಪದ ಬರೀತಾರೆ. ಒಂದು ಹ್ಯಾಲುಸಿನೇಷನ್, ಇನ್ನೊಂದು ಡೆಲ್ಯೂಷನ್. ತಾಯಿ ‘ಏನಾಗೇತ್ರಿ?’ ಅಂತ ಕೇಳ್ತಾರೆ. ಹೊರಗೆ ಇನ್ನೂ ಅರವತ್ತು ಜನ ಕಾಯ್ತಿದ್ದಾರೆ. ಡಾಕ್ಟರು ಹೇಳ್ತಾರೆ: ‘ಅವನಿಗೆ ಭ್ರಮೆ ಆಗ್ತಾ ಇದೆ ಅಮ್ಮ. ಮಾತ್ರೆ ಕೊಡ್ತೀನಿ.’

ಶಾಸ್ತ್ರದ ಪ್ರಕಾರ ತಪ್ಪೇನಿಲ್ಲ. ನಿಘಂಟು ತೆಗೆದ್ರೆ ಎರಡೂ ಪದಕ್ಕೆ ಭ್ರಮೆ, ಭ್ರಾಂತಿ ಅಂತಲೇ ಸಿಗುತ್ತೆ. ಆದ್ರೆ ತಾಯಿಯ ಕಿವಿಗೆ ‘ಭ್ರಮೆ’ ಅಂದ್ರೆ ಏನು? ‘ಎಲೆಕ್ಷನ್ ಗೆಲ್ತೀನಿ ಅನ್ನೋ ಭ್ರಮೆಯಲ್ಲಿದ್ದಾನೆ’ ಅಂತೀವಲ್ಲ, ಆ ಭ್ರಮೆ. ಅಂದ್ರೆ ತಾನಾಗಿ ಬೆಳೆಸಿಕೊಂಡಿರೋ ತಪ್ಪು ತಿಳಿವಳಿಕೆ, ಗಟ್ಟಿ ಮನಸ್ಸು ಮಾಡಿದ್ರೆ ಬಿಡಬಹುದಾದದ್ದು. ಹಾಗಾಗಿ ಮನೆಗೆ ಹೋದ ತಾಯಿ ಮಗನಿಗೆ ಪ್ರೀತಿಯಿಂದಲೇ ಹೇಳ್ತಾರೆ: ‘ಅದೆಲ್ಲಾ ನಿನ್ನ ಭ್ರಮಾ ಅಂತ ಡಾಕ್ಟ್ರ ಹೇಳ್ಯಾರಪಾ. ಸುಮ್ಮನ ಯಾಕ ತಲಿ ಕೆಡಿಸ್ಕೋತಿ? ಬಿಟ್ಟುಬಿಡು.’

ಹುಡುಗನಿಗೆ ಹೇಗನ್ನಿಸುತ್ತೆ? ನಾನು ಮಾತಾಡ್ತಿರೋದು ಈಗ ನಿಮಗೆ ಎಷ್ಟು ಸ್ಪಷ್ಟವಾಗಿ ಕೇಳ್ತಿದೆಯೋ, ಅವನಿಗೆ ಆ ದನಿ ಅಷ್ಟೇ ಸ್ಪಷ್ಟವಾಗಿ ಕೇಳ್ತಿದೆ. ಅದನ್ನ ‘ಬಿಡು’ ಅಂದ್ರೆ ಹೇಗೆ ಬಿಡೋದು? ಅಮ್ಮನೂ ನಂಬಲ್ಲ, ಡಾಕ್ಟರೂ ನಂಬಲ್ಲ ಅಂತ ತೀರ್ಮಾನ ಮಾಡ್ತಾನೆ. ಇನ್ನು ಆ ಡಾಕ್ಟರ ಮಾತ್ರೆ ಯಾಕೆ ತಗೊಳ್ಬೇಕು? ಊಟದಲ್ಲಿ ಏನೋ ಹಾಕ್ತಾರೆ ಅಂತ ಮೊದಲೇ ಹೆದರಿದವನಿಗೆ ಮಾತ್ರೆ ಮೇಲೂ ಅನುಮಾನ ಬರೋದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಇಲ್ಲಿ ಯಾರೂ ಬೈಗುಳದ ಪದ ಬಳಸಲಿಲ್ಲ ಅನ್ನೋದನ್ನ ಗಮನಿಸಿ. ‘ಹುಚ್ಚ’ ಅನ್ನಲಿಲ್ಲ, ‘ಮೆಂಟಲ್’ ಅನ್ನಲಿಲ್ಲ. ಆದರೂ ಆ ಪದ ಹುಡುಗನ ಮೇಲೆ ತಪ್ಪು ಹೊರಿಸಿಬಿಡ್ತು. ಕಳಂಕ ಅನ್ನೋದು ಬೈಗುಳದಲ್ಲಿ ಮಾತ್ರ ಇರಲ್ಲ. ಕಾಯಿಲೆಯ ಲಕ್ಷಣವನ್ನ ಮನುಷ್ಯನ ಸ್ವಭಾವದ ದೋಷದ ಹಾಗೆ ಕೇಳಿಸೋ ಪ್ರತಿಯೊಂದು ಪದದಲ್ಲೂ ಅದು ಇರುತ್ತೆ.

ಹಗ್ಗ–ಹಾವಿನ ಉದಾಹರಣೆ

ಹಾಗಿದ್ರೆ ಈ ಪದವನ್ನ ಬಿಡಿಸೋದು ಹೇಗೆ? ನಮ್ಮಲ್ಲೇ ಒಂದು ಹಳೆಯ ಉದಾಹರಣೆ ಇದೆ. ಹರಿಕಥೆ ಕೇಳಿದವರಿಗೆಲ್ಲ ಗೊತ್ತು, ಹಗ್ಗವನ್ನ ಹಾವು ಅಂತ ತಿಳಿದುಕೊಳ್ಳೋದು. ಇದನ್ನೇ ಇಟ್ಟುಕೊಂಡು ಮೂರು ಲಕ್ಷಣಗಳನ್ನ ಬೇರೆ ಮಾಡಬಹುದು.

ಮೊದಲನೆಯದು: ಕತ್ತಲಲ್ಲಿ ಹಗ್ಗ ಬಿದ್ದಿದೆ, ನಿಮಗೆ ಹಾವಿನ ಹಾಗೆ ಕಂಡಿತು. ದೀಪ ಹಚ್ಚಿದ್ರಿ, ಹಗ್ಗ ಅಂತ ಗೊತ್ತಾಯ್ತು, ಮುಗೀತು. ಇಂಗ್ಲಿಷಿನಲ್ಲಿ ಇದು ಇಲ್ಯೂಷನ್. ಇರೋ ವಸ್ತುವೇ ಬೇರೆ ಥರ ಕಾಣೋದು. ಯಾರಿಗೆ ಬೇಕಾದರೂ ಆಗುತ್ತೆ, ಇದೊಂದೇ ಇದ್ದರೆ ಕಾಯಿಲೆ ಅನ್ನೋಕಾಗಲ್ಲ.

ಎರಡನೆಯದು: ಅಲ್ಲಿ ಹಗ್ಗವೂ ಇಲ್ಲ, ಏನೂ ಇಲ್ಲ, ದೀಪವೂ ಉರೀತಿದೆ. ಆದರೂ ಹಾವು ಕಾಣುತ್ತೆ, ಅಥವಾ ಬುಸುಗುಟ್ಟೋದು ಕೇಳುತ್ತೆ. ಇದು ಹ್ಯಾಲುಸಿನೇಷನ್. ಹೊರಗಿನಿಂದ ಏನೂ ಬರದೆ ಇಂದ್ರಿಯಕ್ಕೆ ಅನುಭವ ಆಗೋದು. ಸ್ಕಿಜೋಫ್ರೇನಿಯಾದಲ್ಲಿ ಹೆಚ್ಚಾಗಿ ಆಗೋದು ಕಿವಿಯ ಅನುಭವ, ಅಂದ್ರೆ ದನಿಗಳು.

ಮೂರನೆಯದು: ಹಗ್ಗ ಕಾಣಿಸ್ತಿದೆ, ಅದು ಹಗ್ಗವೇ ಅಂತಲೂ ಗೊತ್ತು. ಆದ್ರೆ ‘ನನ್ನನ್ನ ಕೊಲ್ಲೋಕೆ ಪಕ್ಕದ ಮನೆಯವನು ಇಟ್ಟ ಸಂಕೇತ ಇದು’ ಅನ್ನೋದು ಮನಸ್ಸಿನಲ್ಲಿ ಕೂತುಬಿಟ್ಟಿದೆ. ಎಷ್ಟು ಸಾಕ್ಷಿ ತೋರಿಸಿದ್ರೂ ಅಲುಗಲ್ಲ. ಇದು ಡೆಲ್ಯೂಷನ್. ಇಲ್ಲಿ ಕಣ್ಣು ಕಿವಿ ಸರಿಯಾಗೇ ಇವೆ, ಸಿಕ್ಕಿಹಾಕಿಕೊಂಡಿರೋದು ನಂಬಿಕೆ.

ಡೆಲ್ಯೂಷನ್ ವಿಷಯದಲ್ಲಿ ಒಂದು ಎಚ್ಚರ ಬೇಕು. ಒಂದು ಸಮುದಾಯವೇ ನಂಬೋ ಸಂಗತಿಯನ್ನ ವೈದ್ಯಶಾಸ್ತ್ರ ಡೆಲ್ಯೂಷನ್ ಅನ್ನೋದಿಲ್ಲ. ಮಗುವಿಗೆ ದೃಷ್ಟಿ ತಾಗಿದೆ ಅಂತ ಅಜ್ಜಿ ನಿವಾಳಿಸೋದು, ಕೋಲದಲ್ಲಿ ದೈವ ಮಾತಾಡುತ್ತೆ ಅಂತ ಕರಾವಳಿಯ ಜನ ನಂಬೋದು, ಇವು ಲಕ್ಷಣಗಳಲ್ಲ. ಸುತ್ತಲಿನ ತನ್ನವರೇ ‘ಹಾಗಿಲ್ಲಪ್ಪ’ ಅಂತ ಅಂದ್ರೂ ಒಬ್ಬನಿಗೆ ಮಾತ್ರ ಖಚಿತವಾಗಿರೋ ನಂಬಿಕೆ ಬೇರೆ. ಪದಕೋಶದಲ್ಲಿ ಡೆಲ್ಯೂಷನ್‌ಗೆ ‘ಮೂಢನಂಬಿಕೆ’ ಅಂತ ಬರೆದುಬಿಟ್ರೆ ಈ ವ್ಯತ್ಯಾಸ ಪೂರ್ತಿ ಅಳಿಸಿಹೋಗುತ್ತೆ. ‘ಸುಳ್ಳು ನಂಬಿಕೆ’ ಅಂದ್ರೂ ಕಷ್ಟ, ಯಾಕಂದ್ರೆ ನಮ್ಮ ಮಾತಿನಲ್ಲಿ ಸುಳ್ಳು ಅಂದ ತಕ್ಷಣ ಸುಳ್ಳುಗಾರ ನೆನಪಾಗ್ತಾನೆ.

ಪದ ಬೇಡ, ವಾಕ್ಯ ಸಾಕು

ಇಲ್ಲಿ ಪದಕೋಶ ಮಾಡೋರು ಒಂದು ತೀರ್ಮಾನಕ್ಕೆ ಬರಬೇಕಾಗುತ್ತೆ. ಒಂದು ಇಂಗ್ಲಿಷ್ ಪದಕ್ಕೆ ಒಂದು ಕನ್ನಡ ಪದ ಇರಲೇಬೇಕಾ? ವಿಶ್ವವಿದ್ಯಾಲಯದ ಪಠ್ಯಕ್ಕಾದ್ರೆ ಬೇಕು. ರೋಗಿಗೆ ಬೇಕಿಲ್ಲ. ರೋಗಿಗೆ ಬೇಕಾಗಿರೋದು ತನಗೆ ಆಗ್ತಿರೋದನ್ನ ತಾನೇ ಗುರುತಿಸಬಲ್ಲ ಒಂದು ವಾಕ್ಯ.

ಹ್ಯಾಲುಸಿನೇಷನ್‌ಗೆ ಮೊದಲು ಹೊಳೆಯೋದು ‘ಇಲ್ಲದ ದನಿ ಕೇಳಿಸುವುದು’. ಭ್ರಮೆಗಿಂತ ಸಾವಿರ ಪಾಲು ವಾಸಿ. ಆದ್ರೆ ಆ ಹುಡುಗನ ಜಾಗದಲ್ಲಿ ನಿಂತು ಓದಿ. ‘ಇಲ್ಲದ’ ಅಂತ ಹೇಳ್ತಿರೋರು ಯಾರು? ಅವನ ಪಾಲಿಗೆ ಅದು ಇದೆ. ಹಾಗಾಗಿ ‘ಬೇರೆಯವರಿಗೆ ಕೇಳಿಸದ ದನಿ ಕೇಳಿಸುವುದು’ ಅಂತ ತಿದ್ದಬಹುದು. ಈ ವಾಕ್ಯವನ್ನ ರೋಗಿ, ತಾಯಿ, ಡಾಕ್ಟರು ಮೂವರೂ ಒಪ್ಪಬಹುದು. ದನಿ ಇದೆಯೋ ಇಲ್ಲವೋ ಅನ್ನೋ ಜಗಳವೇ ಅದರಲ್ಲಿಲ್ಲ. ‘ಹೌದು, ನನಗೆ ಮಾತ್ರ ಕೇಳುತ್ತೆ, ಅಮ್ಮನಿಗೆ ಕೇಳಲ್ಲ’ ಅಂತ ಹುಡುಗ ಹೇಳಿದ್ರೆ ಮಾತು ಮುಂದುವರಿಯೋಕೆ ಅಷ್ಟು ಸಾಕು.

ಡೆಲ್ಯೂಷನ್‌ಗೆ ‘ಎಷ್ಟು ಹೇಳಿದರೂ ಅಲುಗದ ನಂಬಿಕೆ’ ಅನ್ನಬಹುದು. ಅನುಮಾನದ ರೂಪದಲ್ಲಿದ್ರೆ ‘ಬಲವಾಗಿ ಬೇರೂರಿದ ಅನುಮಾನ’. ರೋಗಿಯ ಎದುರಿಗೆ ಕೂತು ಓದಿ ಹೇಳಿದ್ರೂ ಅವನ ಮುಖಕ್ಕೆ ಹೊಡೆದ ಹಾಗೆ ಆಗಲ್ಲ.

ಇದಕ್ಕೊಂದು ಬೆಲೆ ಇದೆ, ಅದನ್ನೂ ಹೇಳಬೇಕು. ವಾಕ್ಯ ಉದ್ದ. ಚೀಟಿಯ ಮೇಲೆ ಬರೆಯೋಕಾಗಲ್ಲ, ಇನ್ನೊಂದು ಆಸ್ಪತ್ರೆಗೆ ಹೋದ್ರೆ ಅಲ್ಲಿಯವರಿಗೆ ಅದು ಪರಿಭಾಷೆಯಾಗಿ ಒದಗಲ್ಲ. ಅದಕ್ಕೇ ಇದು ದ್ವಿಭಾಷಾ ಪದಕೋಶ ಆಗಿರಬೇಕು. ಇಂಗ್ಲಿಷ್ ಪದವನ್ನ ಕನ್ನಡ ಅಕ್ಷರದಲ್ಲಿ, ಡಾಕ್ಟರು ಉಚ್ಚರಿಸೋ ಹಾಗೆಯೇ ಕೊಟ್ಟು, ಕೆಳಗೆ ವಾಕ್ಯ ಕೊಡೋದು. ಆಗ ಫೈಲಿನಲ್ಲಿರೋ ಪದವನ್ನ ಮನೆಯವರು ಓದಿ ಗುರುತಿಸ್ತಾರೆ, ಅರ್ಥವನ್ನ ತಮ್ಮ ಮಾತಿನಲ್ಲಿ ಇಟ್ಟುಕೊಳ್ತಾರೆ.

ಒಂದು ನಮೂದು ಪೂರ್ತಿಯಾದ್ರೆ ಹೀಗಿರುತ್ತೆ:

ಪದ: ಹ್ಯಾಲುಸಿನೇಷನ್.
ಅರ್ಥ: ಬೇರೆಯವರಿಗೆ ಕೇಳಿಸದ ದನಿ ಕೇಳಿಸುವುದು, ಬೇರೆಯವರಿಗೆ ಕಾಣದ್ದು ಕಾಣಿಸುವುದು. ಇದು ಕಾಯಿಲೆಯ ಲಕ್ಷಣ, ಬೇಕೆಂದು ಮಾಡುವುದಲ್ಲ.
ಜನ ಹೇಳುವುದು: ಕಿವಿಯಲ್ಲಿ ಯಾರೋ ಮಾತಾಡ್ತಾರೆ, ಒಬ್ಬೊಬ್ಬನೇ ಮಾತಾಡ್ತಾನೆ, ಗಾಳಿ ಸೋಕಿದೆ.
ಹೀಗೆ ಹೇಳಬೇಡಿ: ಅದೆಲ್ಲ ನಿನ್ನ ಭ್ರಮೆ, ನಾಟಕ ಮಾಡಬೇಡ.
ಹೀಗೆ ಹೇಳಬಹುದು: ನಿನಗೆ ಕೇಳಿಸ್ತಿದೆ ಅಂತ ಗೊತ್ತು. ನನಗೆ ಕೇಳಿಸ್ತಿಲ್ಲ. ಭಯ ಆಗ್ತಿದೆಯಾ?

ಕೊನೆಯ ಸಾಲು ನೋಡಿ. ‘ಹೌದಪ್ಪ, ನನಗೂ ಕೇಳಿಸ್ತು’ ಅಂತ ಹೂಂಗುಟ್ಟೋದೂ ಅಲ್ಲ, ‘ಸುಳ್ಳು’ ಅಂತ ವಾದ ಮಾಡೋದೂ ಅಲ್ಲ. ಮನೆಯವರಿಗೆ ತಿಳಿವಳಿಕೆ ಕೊಡುವಾಗ ಚಿಕಿತ್ಸಕರು ಹೇಳಿಕೊಡೋದೂ ಇದನ್ನೇ. ದನಿಗಳು ‘ಸಾಯಿ’, ‘ಹೊಡಿ’ ಅಂತ ಆಜ್ಞೆ ಮಾಡ್ತಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು ಅನ್ನೋ ಒಂದು ಸಾಲನ್ನೂ ಇಲ್ಲೇ ಸೇರಿಸೋದು ಒಳ್ಳೇದು.

ಸ್ಕಿಜೋಫ್ರೇನಿಯಾಗೆ ಕನ್ನಡ ಹೆಸರು ಬೇಕೇ?

ಈಗ ದೊಡ್ಡ ಪದಕ್ಕೆ ಬರೋಣ. ಸ್ಕಿಜೋಫ್ರೇನಿಯಾ ಅನ್ನೋ ಹೆಸರನ್ನ 1908ರಲ್ಲಿ ಕೊಟ್ಟವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್. ಗ್ರೀಕ್ ಭಾಷೆಯಲ್ಲಿ ‘ಸೀಳುವುದು’ ಮತ್ತು ‘ಮನಸ್ಸು’ ಅನ್ನೋ ಅರ್ಥದ ಎರಡು ಮಾತು ಸೇರಿಸಿ ಮಾಡಿದ್ದು. ಯೋಚನೆ, ಭಾವನೆ, ಇಚ್ಛೆ ಇವುಗಳ ನಡುವಿನ ಹೊಂದಾಣಿಕೆ ತಪ್ಪುತ್ತೆ ಅನ್ನೋದು ಅವರು ಹೇಳಬೇಕಿದ್ದ ಮಾತು.

ಇದನ್ನ ಅಕ್ಷರಶಃ ಕನ್ನಡಕ್ಕೆ ತಂದಾಗ ‘ಸೀಳು ಮನಸ್ಸು’, ‘ಛಿದ್ರಮನಸ್ಕತೆ’ ಅಂತಾಯ್ತು. ‘ಇಚ್ಛಿತ್ತ ವಿಕಲತೆ’ ಅಂತಲೂ ಬರೆದರು. ‘ಸೀಳು’ ಅಂದ ಕೂಡಲೇ ನಮಗೆ ಕಣ್ಣ ಮುಂದೆ ಬರೋದು ‘ಆಪ್ತಮಿತ್ರ’ ಸಿನಿಮಾದ ನಾಗವಲ್ಲಿ. ಹಗಲು ಒಬ್ಬಳು, ರಾತ್ರಿ ಇನ್ನೊಬ್ಬಳು. ಒಂದೇ ದೇಹದಲ್ಲಿ ಎರಡು ವ್ಯಕ್ತಿತ್ವ ಅನ್ನೋದು ಬೇರೆಯೇ ತೊಂದರೆ, ಅದಕ್ಕೂ ಸ್ಕಿಜೋಫ್ರೇನಿಯಾಗೂ ಸಂಬಂಧ ಇಲ್ಲ. ಆದ್ರೆ ಹೆಸರೇ ಹಾಗಿದ್ರೆ ತಾಯಿ ಏನು ಮಾಡಬೇಕು? ಮಗ ಯಾವಾಗ ಇನ್ನೊಬ್ಬನಾಗಿ ಮೈಮೇಲೆ ಬೀಳ್ತಾನೋ ಅಂತ ಕಾಯ್ತಾ ಕೂರ್ತಾರೆ.

ಇದೇ ತೊಂದರೆ ಜಪಾನಿನಲ್ಲೂ ಇತ್ತು. ಅಲ್ಲಿ ಈ ಕಾಯಿಲೆಗೆ ಇದ್ದ ಹೆಸರು ‘ಸೆಯ್ಶಿನ್ ಬುನ್ರೆತ್ಸು ಬ್ಯೋ’, ಅಂದ್ರೆ ಮನಸ್ಸು ಒಡೆದ ಕಾಯಿಲೆ. ಹೆಸರು ಬದಲಿಸಿ ಅಂತ 1993ರಲ್ಲಿ ಕೇಳಿದ್ದು ವೈದ್ಯರಲ್ಲ, ರೋಗಿಗಳ ಕುಟುಂಬದವರ ಒಕ್ಕೂಟ. ಸುಮಾರು ಹತ್ತು ವರ್ಷದ ಚರ್ಚೆ ಆದ ಮೇಲೆ 2002ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ‘ತೋಗೋ ಶಿಚ್ಚೋ ಶೋ’ ಅನ್ನೋ ಹೊಸ ಹೆಸರು ಒಪ್ಪಿಕೊಳ್ತು. ಹೊಂದಾಣಿಕೆ ತಪ್ಪಿದ ತೊಂದರೆ ಅಂತ ಅದರ ಅರ್ಥ. ಆಮೇಲೆ ದಕ್ಷಿಣ ಕೊರಿಯಾದವರೂ ಹೆಸರು ಬದಲಿಸಿದ್ರು. ತಂತಿವಾದ್ಯದ ಶ್ರುತಿ ಸರಿಮಾಡೋ ಹೋಲಿಕೆ ಇಟ್ಟುಕೊಂಡ ಹೆಸರು ಅದು.

ಜಪಾನಿನಲ್ಲಿ ಆದ ಮೊದಲ ಬದಲಾವಣೆ ಕುತೂಹಲದ್ದು. ಹಳೆಯ ಹೆಸರಿದ್ದಾಗ ವೈದ್ಯರೇ ರೋಗಿಗೆ ಅದನ್ನ ಹೇಳೋಕೆ ಹಿಂಜರೀತಿದ್ರು. 2002ರಲ್ಲಿ ಕಾಯಿಲೆಯ ಹೆಸರನ್ನ ತಿಳಿಸಲಾದ ರೋಗಿಗಳು ಶೇ. 37ರ ಆಸುಪಾಸು ಇದ್ದರೆ, ಎರಡು ವರ್ಷದಲ್ಲಿ ಆ ಪ್ರಮಾಣ ಶೇ. 70ರ ಹತ್ತಿರಕ್ಕೆ ಬಂತು. ಅಂದ್ರೆ ಹೆಸರು ಬದಲಾದಾಗ ಮೊದಲು ಬಾಯಿ ಬಿಟ್ಟವರು ಡಾಕ್ಟರುಗಳೇ.

ಹಾಗಾದ್ರೆ ನಾವೂ ಒಂದು ಹೊಸ ಕನ್ನಡ ಹೆಸರು ಕಟ್ಟಬೇಕಾ? ನಮ್ಮ ಪರಿಸ್ಥಿತಿ ಸ್ವಲ್ಪ ಬೇರೆ. ಜಪಾನೀ ಓದುಗನಿಗೆ ಹಳೆಯ ಹೆಸರಿನ ಒಂದೊಂದು ಅಕ್ಷರವೂ ‘ಮನಸ್ಸು ಒಡೆದಿದೆ’ ಅಂತ ಸಾರುತ್ತಿತ್ತು. ನಮ್ಮ ಹಳ್ಳಿಯ ತಾಯಿಗೆ ‘ಸ್ಕಿಜೋಫ್ರೇನಿಯಾ’ ಅನ್ನೋ ಪದ ಒಳ್ಳೇದನ್ನೂ ಹೇಳಲ್ಲ, ಕೆಟ್ಟದ್ದನ್ನೂ ಹೇಳಲ್ಲ. ‘ಥೈರಾಯ್ಡ್’ ಇದ್ದ ಹಾಗೆ ಅದೊಂದು ಹೆಸರು ಅಷ್ಟೇ. ಅದೇ ಪದ ಫೈಲಿನಲ್ಲೂ ಅಂಗವೈಕಲ್ಯ ಪ್ರಮಾಣಪತ್ರದಲ್ಲೂ ಇರುತ್ತೆ, ಮೊಬೈಲಿನಲ್ಲಿ ಹುಡುಕಿದ್ರೂ ಸಿಗುತ್ತೆ. ಹಾಗಾಗಿ ಅರ್ಥ ತಪ್ಪಿಸೋ ಸಂಸ್ಕೃತ ಪದಕ್ಕಿಂತ ಆ ಹೆಸರನ್ನೇ ಉಳಿಸಿಕೊಂಡು, ಕೆಳಗೆ ಎರಡು ಸಾಲು ವಿವರಣೆ ಕೊಡೋದು ಹೆಚ್ಚು ಉಪಯೋಗ. ಹೀಗೆ: ‘ಯೋಚನೆ, ಭಾವನೆ, ಅನುಭವ ಒಂದಕ್ಕೊಂದು ಹೊಂದದೆ ಹೋಗುವ ಕಾಯಿಲೆ. ಬೇರೆಯವರಿಗೆ ಕೇಳಿಸದ ದನಿ, ಬೇರೂರಿದ ಅನುಮಾನ, ಯಾವುದರಲ್ಲೂ ಉತ್ಸಾಹ ಇಲ್ಲದಿರುವುದು ಇದರ ಲಕ್ಷಣಗಳು. ಔಷಧಿಯಿಂದ ಲಕ್ಷಣಗಳು ಕಡಿಮೆಯಾಗುತ್ತವೆ.’

ಹುಚ್ಚು ಅನ್ನೋ ಪದವನ್ನು ಎಲ್ಲಿಡುವುದು?

ಕಳಂಕದ ಪದ ಬಳಸಬಾರದು ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಮಾಡೋ ಕೆಲಸ ಅಂದ್ರೆ ‘ಹುಚ್ಚು’, ‘ಅರೆಹುಚ್ಚು’, ‘ತಲೆ ಕೆಟ್ಟಿದೆ’, ‘ಮೆಂಟಲ್’ ಇವನ್ನೆಲ್ಲ ಪಟ್ಟಿಯಿಂದ ತೆಗೆದುಹಾಕೋದು. ಉದ್ದೇಶ ಒಳ್ಳೇದು. ಆದ್ರೆ ಪದಕೋಶವನ್ನ ಕೈಗೆ ತಗೊಂಡವರು ಏನನ್ನ ಹುಡುಕ್ತಾರೆ? ತಮಗೆ ಗೊತ್ತಿರೋ ಪದವನ್ನ. ಹೊರರೋಗಿ ವಿಭಾಗದಲ್ಲಿ ಎಷ್ಟೋ ಜನ ದನಿ ತಗ್ಗಿಸಿ ಕೇಳೋದು ಒಂದೇ: ‘ನನಗೆ ಹುಚ್ಚಾ ಡಾಕ್ಟ್ರೇ?’ ಆ ಪ್ರಶ್ನೆಗೆ ಉತ್ತರ ಪುಸ್ತಕದಲ್ಲೇ ಇಲ್ಲದಿದ್ರೆ ಆ ಪುಸ್ತಕ ಯಾರಿಗಾಗಿ?

ಆದ್ದರಿಂದ ಪದ ಇರಲಿ, ಅದರ ಮುಂದೆ ದಾರಿ ತೋರಿಸೋ ಸಾಲಿರಲಿ. ‘ಹುಚ್ಚು: ಇದು ಯಾವ ಕಾಯಿಲೆಯ ಹೆಸರೂ ಅಲ್ಲ. ಬೇರೆ ಬೇರೆ ಕಾಯಿಲೆಗಳನ್ನು, ಕೆಲವೊಮ್ಮೆ ಕಾಯಿಲೆಯೇ ಅಲ್ಲದ್ದನ್ನೂ ಜನ ಹೀಗೆ ಕರೆಯುತ್ತಾರೆ. ಏನಾಗುತ್ತಿದೆ ಎಂದು ಹೇಳಿ: ನಿದ್ದೆ ಇಲ್ಲವೇ? ದನಿ ಕೇಳುತ್ತದೆಯೇ? ಭಯವೇ?’ ಹೀಗಿದ್ರೆ ರೋಗಿ ತನಗೆ ಗೊತ್ತಿರೋ ಬಾಗಿಲಿನಿಂದಲೇ ಒಳಗೆ ಬರ್ತಾರೆ.

ಇದರ ಜೊತೆಗೆ ಇನ್ನೊಂದು ಸಣ್ಣ ತಿದ್ದುಪಡಿ ದೊಡ್ಡ ಕೆಲಸ ಮಾಡುತ್ತೆ. ಕನ್ನಡದಲ್ಲಿ ಕಾಯಿಲೆಯನ್ನ ಮನುಷ್ಯನ ಹೆಸರಾಗಿ ಮಾಡೋದು ಬಹಳ ಸುಲಭ. ಕುಡಿತ ಇದ್ದವನು ಕುಡುಕ, ಬುದ್ಧಿ ಬೆಳವಣಿಗೆ ನಿಧಾನ ಇರೋ ಮಗು ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ ಇದ್ದವರು ಪತ್ರಿಕೆಯ ತಲೆಬರಹದಲ್ಲಿ ‘ಮಾನಸಿಕ ಅಸ್ವಸ್ಥ’. ಕನ್ನಡದಲ್ಲೇ ಇದಕ್ಕೆ ಸಹಜವಾದ ಪರಿಹಾರವೂ ಇದೆ. ‘ಅವರಿಗೆ ಸಕ್ಕರೆ ಕಾಯಿಲೆ ಇದೆ’ ಅಂತೀವಲ್ಲ, ಹಾಗೇ ‘ಅವರಿಗೆ ಕುಡಿತದ ಸಮಸ್ಯೆ ಇದೆ’, ‘ಮಗುವಿಗೆ ಬೌದ್ಧಿಕ ಅಂಗವೈಕಲ್ಯ ಇದೆ’. ಮನುಷ್ಯ ಒಂದು ಕಡೆ, ಕಾಯಿಲೆ ಇನ್ನೊಂದು ಕಡೆ. ವ್ಯಾಕರಣವೇ ಎರಡನ್ನೂ ಬೇರೆ ಮಾಡಿಕೊಡುತ್ತೆ.

ತುಂಬಾ ಮೆತ್ತಗೆ ಹೇಳಿದರೂ ಅಪಾಯ

ಕಳಂಕ ತಪ್ಪಿಸೋ ಭರದಲ್ಲಿ ಇನ್ನೊಂದು ತುದಿಗೆ ಹೋಗೋದೂ ಇದೆ. ಎಲ್ಲವನ್ನೂ ‘ಮನಸ್ಸಿನ ಸಣ್ಣ ತೊಂದರೆ’, ‘ಸ್ವಲ್ಪ ಒತ್ತಡ’ ಅಂತ ಬರೆದುಬಿಡೋದು. ನಮ್ಮ ಹಾವೇರಿಯ ಹುಡುಗನ ವಿಷಯಕ್ಕೆ ವಾಪಸ್ ಬನ್ನಿ. ‘ಒತ್ತಡ’ ಅಂತ ಕೇಳಿಸಿಕೊಂಡ ತಾಯಿ, ಆರು ವಾರದಲ್ಲಿ ಮಗ ಊಟ ನಿದ್ದೆ ಸರಿ ಮಾಡ್ತಿದ್ದಂತೆ ‘ಒತ್ತಡ ಹೋಯ್ತು’ ಅಂತ ಮಾತ್ರೆ ನಿಲ್ಲಿಸ್ತಾರೆ. ಅವರ ತರ್ಕ ಸರಿಯಾಗೇ ಇದೆ, ಕೊಟ್ಟ ಪದವೇ ತಪ್ಪು. ಮೊದಲ ಬಾರಿ ಇಂಥ ಕಾಯಿಲೆ ಬಂದವರಿಗೆ ಲಕ್ಷಣ ಹೋದ ಮೇಲೂ ಸಾಮಾನ್ಯವಾಗಿ ಒಂದೆರಡು ವರ್ಷವಾದರೂ ಔಷಧಿ ಮುಂದುವರಿಸೋಕೆ ಹೇಳ್ತಾರೆ. ಮಧ್ಯೆ ತಾವಾಗಿ ನಿಲ್ಲಿಸಿದ್ರೆ ಕಾಯಿಲೆ ವಾಪಸ್ ಬರೋ ಸಾಧ್ಯತೆ ಬಹಳ ಹೆಚ್ಚು.

ಹಾಗೆ ವಾಪಸ್ ಬರೋದಕ್ಕೆ ಇಂಗ್ಲಿಷಿನಲ್ಲಿ ರಿಲ್ಯಾಪ್ಸ್ ಅಂತಾರೆ. ‘ಮತ್ತೆ ಹುಚ್ಚು ಕೆದರಿತು’ ಅಂದ್ರೆ ನೋವು. ‘ಮರುಕಳಿಕೆ’ ಅಂದ್ರೆ ಪುಸ್ತಕದ ಮಾತು. ‘ಕಾಯಿಲೆ ಮರುಕಳಿಸೋದು, ಮತ್ತೆ ಜೋರಾಗೋದು’ ಅಂತ ಎರಡನ್ನೂ ಸೇರಿಸಿ, ಮೊದಲು ಕಾಣೋ ಸೂಚನೆಯನ್ನ ಅಲ್ಲೇ ಬರೆದ್ರೆ ಉಪಯೋಗಕ್ಕೆ ಬರುತ್ತೆ: ನಿದ್ದೆ ಕಡಿಮೆಯಾಗೋದು, ಮಂಕಾಗಿ ಕೂರೋದು, ಹಳೆಯ ಅನುಮಾನದ ಮಾತು ಮತ್ತೆ ಶುರುವಾಗೋದು. ಇಂಥದ್ದು ಕಂಡ್ರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ ಅಂತ.

ಒಳ್ಳೆಯ ಪದ ಅಂದ್ರೆ ಮುಜುಗರ ತಪ್ಪಿಸೋ ಪದ ಮಾತ್ರ ಅಲ್ಲ. ಅದನ್ನ ಕೇಳಿದವರು ಮುಂದೆ ಮಾಡೋ ಕೆಲಸ ಸರಿಯಾಗಿರಬೇಕು.

ಅರ್ಥ ಆಗಿದೆಯಾ ಅಂತ ತಿಳಿಯೋದು ಹೇಗೆ?

ಅನುವಾದ ಸರಿಯಿದೆಯಾ ಅಂತ ನೋಡೋಕೆ ಒಂದು ರೂಢಿಯ ವಿಧಾನ ಇದೆ, ಮರು ಅನುವಾದ. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತರ್ತಾರೆ. ಮೂಲವನ್ನ ನೋಡದ ಇನ್ನೊಬ್ಬರು ಆ ಕನ್ನಡವನ್ನ ಮತ್ತೆ ಇಂಗ್ಲಿಷಿಗೆ ಮಾಡ್ತಾರೆ. ಎರಡೂ ಇಂಗ್ಲಿಷ್ ತಾಳೆಯಾದ್ರೆ ಸರಿ ಅಂತ. ಇದರಿಂದ ‘ಭ್ರಮೆ’ಯ ಗೊಂದಲ ಕೂಡಲೇ ಸಿಕ್ಕಿಬೀಳುತ್ತೆ, ಯಾಕಂದ್ರೆ ವಾಪಸ್ ಬರುವಾಗ ಒಬ್ಬರು ಇಲ್ಯೂಷನ್ ಅಂತಾರೆ, ಇನ್ನೊಬ್ಬರು ಡೆಲ್ಯೂಷನ್ ಅಂತಾರೆ.

ಆದ್ರೆ ಈ ವಿಧಾನಕ್ಕೆ ಒಂದು ಕುರುಡು ಜಾಗ ಇದೆ. ‘ಖಿನ್ನತೆ’ ತಗೊಳ್ಳಿ. ಡಿಪ್ರೆಷನ್ ಕನ್ನಡದಲ್ಲಿ ಖಿನ್ನತೆ, ಖಿನ್ನತೆ ಇಂಗ್ಲಿಷಿನಲ್ಲಿ ಡಿಪ್ರೆಷನ್. ನೂರಕ್ಕೆ ನೂರು ತಾಳೆ. ಆದ್ರೆ ತಾಳೆ ಮಾಡಿದ ಇಬ್ಬರೂ ಎರಡು ಭಾಷೆ ಓದಿದವರು. ‘ಖಿನ್ನತೆ ಇದೆಯಾ?’ ಅಂತ ಕೂಲಿ ಕೆಲಸದ ಹೆಂಗಸನ್ನ ಕೇಳಿ ನೋಡಿ. ಅವರ ಮಾತಿನಲ್ಲಿ ಆ ಪದವೇ ಇಲ್ಲ. ‘ಬ್ಯಾಸರ’, ‘ಯಾವುದೂ ಬೇಡ ಅನ್ನಿಸ್ತದೆ’, ‘ಎದೆ ಮೇಲೆ ಕಲ್ಲಿಟ್ಟ ಹಾಗೆ’, ‘ಕೈಕಾಲಲ್ಲಿ ಜೀವ ಇಲ್ಲ’ ಅಂತ ಹೇಳ್ತಾರೆ. ಮರು ಅನುವಾದ ಭಾಷಾಂತರ ಸರಿಯಿದೆಯಾ ಅಂತ ಹೇಳುತ್ತೆ, ಕೇಳಿದವರಿಗೆ ತಿಳೀತಾ ಅಂತ ಹೇಳಲ್ಲ.

ಅದಕ್ಕೆ ಎರಡನೇ ಪರೀಕ್ಷೆ ಬೇಕು. ಪದಕೋಶದ ಕರಡು ಹಿಡಿದು ರೋಗಿಗಳ ಹತ್ತಿರ, ಮನೆಯವರ ಹತ್ತಿರ, ಆಶಾ ಕಾರ್ಯಕರ್ತೆಯರ ಹತ್ತಿರ ಹೋಗಬೇಕು. ‘ಅರ್ಥ ಆಯ್ತಾ?’ ಅಂತ ಮಾತ್ರ ಕೇಳಬಾರದು. ಬಿಳಿ ಕೋಟು ಹಾಕಿದವರು ಹಾಗೆ ಕೇಳಿದ್ರೆ ನಮ್ಮಲ್ಲಿ ಬರೋದು ಒಂದೇ ಉತ್ತರ, ‘ಹೂಂ ಸರ್, ಆಯ್ತು.’ ಅದರ ಬದಲು ಹೀಗೆ ಕೇಳಬೇಕು: ‘ಮನೆಗೆ ಹೋದ ಮೇಲೆ ಯಜಮಾನರು ಏನಂದ್ರು ಡಾಕ್ಟ್ರು ಅಂತ ಕೇಳಿದ್ರೆ, ನೀವು ಏನಂತ ಹೇಳ್ತೀರಾ?’ ಅವರು ತಮ್ಮ ಮಾತಿನಲ್ಲಿ ಹೇಳೋದನ್ನ ಹಾಗೇ ಬರೆದುಕೊಳ್ಳಬೇಕು. ‘ಮಗ ಸುಳ್ಳು ಸುಳ್ಳೇ ಹೇಳ್ತಾನಂತೆ’ ಅಂತ ಬಂದ್ರೆ ವಾಕ್ಯ ಕೆಟ್ಟಿದೆ ಅಂತ ಲೆಕ್ಕ. ‘ಅವನಿಗೆ ಮಾತ್ರ ಏನೋ ಮಾತು ಕೇಳ್ತದಂತೆ, ಅದಕ್ಕೆ ಮಾತ್ರೆ ಕೊಟ್ಟಾರೆ’ ಅಂತ ಬಂದ್ರೆ ವಾಕ್ಯ ಗೆದ್ದಿತು. ಎಷ್ಟೋ ಸಲ ಅವರು ಹೇಳಿದ್ದೇ ನಮ್ಮ ಕರಡಿಗಿಂತ ಚೆನ್ನಾಗಿರುತ್ತೆ, ಅದನ್ನೇ ಪದಕೋಶಕ್ಕೆ ಸೇರಿಸಿಕೊಳ್ಳಬಹುದು.

ಈ ಪರೀಕ್ಷೆ ಒಂದೇ ಊರಿನಲ್ಲಿ ಮಾಡಿದ್ರೂ ಸಾಲದು. ಮಂಗಳೂರಿನಲ್ಲಿ ‘ಮಂಡೆ ಬೆಚ್ಚ’ ಅಂದ್ರೆ ಚಿಂತೆ, ಕಿರಿಕಿರಿ. ಆ ಕಡೆ ಗೊತ್ತಿಲ್ಲದ ಡಾಕ್ಟರು ತಲೆ ಮುಟ್ಟಿ ಜ್ವರ ನೋಡಿಯಾರು. ಧಾರವಾಡದ ಕಡೆ ‘ಅಂಜಿಕಿ’ ಅಂದದ್ದು ಮೈಸೂರಿನ ಕಡೆ ‘ದಿಗಿಲು’. ಹಾಗಾಗಿ ‘ಜನ ಹೇಳುವುದು’ ಅನ್ನೋ ಸಾಲಿನಲ್ಲಿ ಬೇರೆ ಬೇರೆ ಕಡೆಯ ಎರಡು ಮೂರು ಮಾತುಗಳಿರಬೇಕು.

ಕಾನೂನು ಏನು ಹೇಳುತ್ತೆ, ಪದಕ್ಕೆ ಎಷ್ಟು ಶಕ್ತಿ ಇದೆ?

ಇದು ಡಾಕ್ಟರ ಒಳ್ಳೇತನದ ವಿಷಯ ಮಾತ್ರ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಸೆಕ್ಷನ್, ಚಿಕಿತ್ಸೆಯ ಬಗ್ಗೆ ನಿರ್ಧಾರ ಮಾಡೋ ಸಾಮರ್ಥ್ಯ ವ್ಯಕ್ತಿಗೆ ಇದೆಯಾ ಅಂತ ನೋಡುವಾಗ, ಮಾಹಿತಿಯನ್ನ ಅವರಿಗೆ ಅರ್ಥವಾಗೋ ಸರಳ ಭಾಷೆಯಲ್ಲಿ, ಬೇಕಿದ್ದರೆ ಸಂಜ್ಞಾ ಭಾಷೆ ಅಥವಾ ಚಿತ್ರಗಳ ಮೂಲಕ ಕೊಡಬೇಕು ಅಂತ ಹೇಳುತ್ತೆ. ಅರ್ಥವಾಗದ ಪದದಲ್ಲಿ ಹೇಳಿ, ‘ಇವರಿಗೆ ತಿಳಿಯಲ್ಲ’ ಅಂತ ಬರೆಯೋ ಹಾಗಿಲ್ಲ. ಆ ಹುಡುಗನಿಗೆ ‘ಭ್ರಮೆ’ ಅಂತ ಮಾತ್ರ ಹೇಳಿ, ಅವನು ಒಪ್ಪದಿದ್ದಾಗ ‘ತನ್ನ ಕಾಯಿಲೆಯ ಅರಿವಿಲ್ಲ’ ಅಂತ ಬರೆದ್ರೆ, ಅರಿವು ಇಲ್ಲದಿರೋದು ಎಷ್ಟು, ವಿವರಿಸದೆ ಇರೋದು ಎಷ್ಟು ಅನ್ನೋ ಪ್ರಶ್ನೆ ಏಳುತ್ತೆ.

ಹಾಗಂತ ಪದ ಬದಲಿಸಿದ್ರೆ ಕಳಂಕ ಹೋಗುತ್ತೆ ಅಂತಲೂ ಅಲ್ಲ. ‘ಮೆಂಟಲ್’ ಇಂಗ್ಲಿಷಿನಲ್ಲಿ ಮನಸ್ಸಿಗೆ ಸಂಬಂಧಿಸಿದ್ದು ಅಂತಷ್ಟೇ, ನಮ್ಮ ಬೀದಿಯಲ್ಲಿ ಅದು ಬೈಗುಳ. ‘ಅಸೈಲಮ್’ ಅಂದ್ರೆ ಮೂಲದಲ್ಲಿ ಆಶ್ರಯ, ಆಮೇಲೆ ಹುಚ್ಚಾಸ್ಪತ್ರೆ. ‘ನಿಮ್ಹಾನ್ಸ್‌ಗೆ ಸೇರಿಸ್ಬೇಕು ಇವನನ್ನ’ ಅಂತ ತಮಾಷೆ ಮಾಡೋರು ಇವತ್ತಿಗೂ ಇದ್ದಾರೆ. ಯಾವ ಹೊಸ ಹೆಸರಿಟ್ಟರೂ, ಜನರ ಭಯ ಹಾಗೇ ಉಳಿದ್ರೆ ಕೆಲವು ವರ್ಷದಲ್ಲಿ ಆ ಹೆಸರೂ ಬೈಗುಳವಾಗುತ್ತೆ. ಅದಕ್ಕೇ ಒಂದು ಪದಕೋಶ ಒಮ್ಮೆ ಅಚ್ಚಾಗಿ ಮುಗಿಯೋ ಪುಸ್ತಕ ಅಲ್ಲ. ಕೆಲವು ವರ್ಷಕ್ಕೊಮ್ಮೆ ಅದನ್ನ ಬಳಸಿದವರ ಹತ್ತಿರವೇ ಹೋಗಿ ‘ಇದರಲ್ಲಿ ಯಾವ ಪದ ಈಗ ಚುಚ್ಚುತ್ತೆ?’ ಅಂತ ಕೇಳಿ ತಿದ್ದಬೇಕು. ಈ ವಿಷಯದಲ್ಲಿ ಹೆಸರು ಬದಲಿಸಿ ಅಂತ ಕೇಳಿದ ಜಪಾನಿನ ಆ ಕುಟುಂಬಗಳ ಮಾತೇ ಕೊನೆಯ ಮಾತು, ಭಾಷಾ ಪಂಡಿತರದ್ದಲ್ಲ.

ಕೊನೆಗೆ ಒಂದು ಮಾಹಿತಿ. ನಿಮಗೋ ಮನೆಯವರಿಗೋ ಇಂಥ ಲಕ್ಷಣಗಳಿದ್ದು ಯಾರನ್ನ ಕೇಳಬೇಕು ಅಂತ ಗೊತ್ತಾಗದಿದ್ರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಫೋನ್ ಮಾಡಿದಾಗ ಕಾಯಿಲೆಯ ಹೆಸರು ಗೊತ್ತಿರಬೇಕು ಅಂತಿಲ್ಲ. ‘ಹುಡುಗನಿಗೆ ಮೂರು ತಿಂಗಳಿಂದ ಯಾರೋ ಮಾತಾಡಿದ ಹಾಗೆ ಕೇಳ್ತಿದೆ, ಊಟ ಮಾಡ್ತಿಲ್ಲ’ ಅಂತ ನಿಮ್ಮ ಮಾತಿನಲ್ಲೇ ಹೇಳಿ, ಸಾಕು.